76 ರೂಪಾಯಿಯ ಟಿಕೆಟ್: ಒಂದು ಮೊದಲ ಕಂತನ್ನು ಕಟ್ಟಿದ, ಕೆಡವಿದ ಲೆಕ್ಕ

ಶುರುವಿನಲ್ಲಿ ಕೈಯಲ್ಲಿದ್ದದ್ದು ಇಷ್ಟೇ. ಒಂದು ಸಣ್ಣ ಊರಿನ ಬಸ್ ಸ್ಟ್ಯಾಂಡ್. ರಾತ್ರಿಯ ಕೊನೆ ಬಸ್ ಬಂದು ನಿಂತಿದೆ. ತಲೆ ತುಂಬ ಶಾಲು ಹೊದ್ದ ಒಬ್ಬ ಹೆಂಗಸು ಕ್ಯಾಂಟೀನಿನವನ ಹತ್ತಿರ ಬಂದು, "ಅಣ್ಣಾ, ಈ ಬ್ಯಾಗ್ ಸ್ವಲ್ಪ ನೋಡ್ಕೊಂಡಿರಿ, ಬಂದೆ" ಅಂತ ಹೇಳಿ ಹೋಗುತ್ತಾಳೆ. ಆಮೇಲೆ ಬರುವುದೇ ಇಲ್ಲ. ಬ್ಯಾಗಿನಲ್ಲಿ ಒಂದು ಬಸ್ ಟಿಕೆಟ್ ಸಿಗುತ್ತದೆ. ಅದು ದುಡ್ಡು ಕೊಟ್ಟು ತೆಗೆದುಕೊಂಡ ಟಿಕೆಟ್.

ಈ ಕೊನೆಯ ಸಾಲು ಓದಿ ನಿಮಗೆ ಏನೋ ಚುಚ್ಚಿದ ಹಾಗಾಗಿದ್ದರೆ ನೀವು ದಿನಾ ಬಸ್ಸಿನಲ್ಲಿ ಓಡಾಡುವವರು. 2023ರ ಜೂನ್ 11ರಿಂದ ಕರ್ನಾಟಕದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿಗೆ ದುಡ್ಡಿಲ್ಲ. ಗುರುತಿನ ಚೀಟಿ ತೋರಿಸಿದರೆ ಕಂಡಕ್ಟರ್ ಜೀರೋ ಟಿಕೆಟ್ ಕೊಡುತ್ತಾರೆ. ಹಾಗಿದ್ದ ಮೇಲೆ ಇವಳ ಬ್ಯಾಗಿನಲ್ಲಿ ಕಾಸು ಕೊಟ್ಟ ಟಿಕೆಟ್ ಯಾಕೆ?

ಈ ಒಂದು ಪ್ರಶ್ನೆಯ ಮೇಲೆ ಒಂದು ಪತ್ತೇದಾರಿ ಧಾರಾವಾಹಿ ನಿಲ್ಲಿಸೋಣ ಅಂತ ಹೊರಟೆ. ಮೊದಲ ಕಂತು ಮುಗಿಯುವಷ್ಟರಲ್ಲಿ ಐದು ಸಲ ಕುಸಿಯಿತು. ಎಲ್ಲಿ ಕುಸಿಯಿತು, ಏನು ಊರುಗೋಲು ಕೊಟ್ಟು ಎತ್ತಿದೆ ಅನ್ನುವುದನ್ನು ಅಲ್ಲಲ್ಲೇ ಗೀಚಿಟ್ಟಿದ್ದೆ. ಅದನ್ನೇ ಸ್ವಲ್ಪ ಓದುವ ಹಾಗೆ ಮಾಡಿ ಇಲ್ಲಿಟ್ಟಿದ್ದೇನೆ.

ಒಂದನೇ ಪ್ರತಿ: ಊರೇ ತಪ್ಪು

ಮೊದಲು ಕತೆಯನ್ನು ಕಡೂರಿನಲ್ಲಿ ಇಟ್ಟಿದ್ದೆ. ಗೊತ್ತಿರುವ ಕಡೆ, ಬರೆಯಲು ಸುಲಭ ಅನ್ನಿಸಿತ್ತು. ಬೆಂಗಳೂರು–ಶಿವಮೊಗ್ಗ ರಸ್ತೆ ಅಲ್ಲೇ ಹಾದು ಹೋಗುತ್ತದೆ. ಚಿಕ್ಕಮಗಳೂರಿನ ದಾರಿಯೂ ಅಲ್ಲೇ ಸೇರುತ್ತದೆ. ಒಂದು ವಾರ ಬರೆದೆ, ಚೆನ್ನಾಗಿಯೇ ಬಂದಿತ್ತು.

ಆಮೇಲೆ ಒಂದು ಸಲ ನಾನೇ ಪೊಲೀಸಿನವನ ಹಾಗೆ ಕೂತು ಕೇಳಿಕೊಂಡೆ. ಈ ಹೆಂಗಸು ಎಲ್ಲಿಗೆ ಹೋಗಿರಬಹುದು? ಉತ್ತರ: ಎಲ್ಲಿಗೆ ಬೇಕಾದರೂ. ಅಂಥ ಹೆದ್ದಾರಿ ಊರಿನಲ್ಲಿ ರಾತ್ರಿಯಿಡೀ ಬಸ್ಸು ಓಡುತ್ತವೆ. ಬೆಂಗಳೂರಿಗೊಂದು ಬಂದರೆ ಹಿಂದೆಯೇ ಶಿವಮೊಗ್ಗಕ್ಕೊಂದು. ಸಾಲದ್ದಕ್ಕೆ ಊರಿನಲ್ಲೇ ರೈಲು ನಿಲ್ದಾಣವಿದೆ, ಪಕ್ಕದಲ್ಲೇ ಬೀರೂರು ಜಂಕ್ಷನ್ ಇದೆ. ಅಲ್ಲಿ 'ಕೊನೆ ಬಸ್' ಅನ್ನುವ ಮಾತಿಗೇ ಅರ್ಥವಿಲ್ಲ. ಮಾಯವಾದವಳು ಮಾಯವಾಗಿಲ್ಲ, ಸುಮ್ನೆ ಇನ್ನೊಂದು ಬಸ್ ಹತ್ತಿ ಹೋಗಿದ್ದಾಳೆ. ಓದುವವರಿಗೆ ಅದರಲ್ಲಿ ಕುತೂಹಲ ಏನಿದೆ?

ಹೀಗಾಗಿ ಹೆದ್ದಾರಿ ಬಿಟ್ಟು ಒಳಗಿನ ರಸ್ತೆಗೆ ಹೋದೆ. ಬೀರೂರಿನಿಂದ ಒಂದು ಇಪ್ಪತ್ತೈದು ಕಿಲೋಮೀಟರ್ ಒಳಗೆ ಒಂದು ಊರು ಮಾಡಿಕೊಂಡೆ. ಅದಕ್ಕೆ ಹೆಸರಿಡಲಿಲ್ಲ. ರೈಲಿಲ್ಲ. ಶಿವಮೊಗ್ಗದಿಂದ ಭದ್ರಾವತಿ, ತರೀಕೆರೆ, ಬೀರೂರಿನ ಮೇಲೆ ಬರುವ ಬಸ್ಸು ರಾತ್ರಿ 9:20ಕ್ಕೆ ಇಲ್ಲಿ ಮುಗಿಯುತ್ತದೆ. ಅದು ನೈಟ್ ಹಾಲ್ಟ್ ಬಸ್. ಡ್ರೈವರು, ಕಂಡಕ್ಟರು ಇಲ್ಲೇ ಮಲಗಿ ಬೆಳಿಗ್ಗೆ 5:40ಕ್ಕೆ ವಾಪಸ್ ಹೊರಡುತ್ತಾರೆ. ನಡುವೆ ಎಂಟು ಗಂಟೆ ಇಪ್ಪತ್ತು ನಿಮಿಷ ಈ ಸ್ಟ್ಯಾಂಡಿನಿಂದ ಯಾವ ಬಸ್ಸೂ ಹೊರಡುವುದಿಲ್ಲ. ಬೀಗ ಹಾಕಿದ ಕೋಣೆ ಬೇಕು ಅಂದರೆ ಗೋಡೆಯೇ ಬೇಕಾಗಿಲ್ಲ, ವೇಳಾಪಟ್ಟಿ ಸಾಕು ಅಂತ ಆವತ್ತು ಗೊತ್ತಾಯಿತು.

ನೈಟ್ ಹಾಲ್ಟ್‌ನಿಂದ ಇನ್ನೊಂದು ಲಾಭ ಪುಕ್ಕಟೆ ಸಿಕ್ಕಿತು. ಸಾಕ್ಷಿ ಸ್ಟ್ಯಾಂಡಿನಲ್ಲೇ ಮಲಗಿದ್ದಾನೆ. ದಿನದ ಕಲೆಕ್ಷನ್ ದುಡ್ಡು ಡಿಪೋಗೆ ಕಟ್ಟುವುದು ನಾಳೆ, ಆದ್ದರಿಂದ ದುಡ್ಡಿನ ಚೀಲ ತಲೆ ಕೆಳಗಿದೆ. ಟಿಕೆಟ್ ಮೆಷಿನ್ ಪಕ್ಕದಲ್ಲಿದೆ. ಎಬ್ಬಿಸಿ ಕೇಳಿದರಾಯಿತು.

ಇನ್ನೊಂದು ಸಣ್ಣ ತಪ್ಪೂ ಇತ್ತು. ನನ್ನ ಬಸ್ಸು ರಾಜಹಂಸ ಆಗಿತ್ತು, ಯಾಕೋ ರಾತ್ರಿ ಬಸ್ ಅಂದರೆ ಅದೇ ಕಣ್ಣಿಗೆ ಬಂತು. ರಾಜಹಂಸ, ಐರಾವತದಂಥ ಬಸ್ಸಿಗೆ ಹೆಂಗಸರ ಉಚಿತ ಟಿಕೆಟ್ ನಡೆಯುವುದಿಲ್ಲ. ಅಂದರೆ ನನ್ನ ಸುಳಿವೇ ಸುಳಿವಲ್ಲ. ಕೆಂಪು ಬಸ್ ಅಂತ ತಿದ್ದಿದೆ, ಮುಗಿಯಿತು.

ಎರಡನೇ ಪ್ರತಿ: ತಂಗಿ ಮೂರೇ ನಿಮಿಷದಲ್ಲಿ ಕಂಡುಹಿಡಿದಳು

ಈ ಪ್ರತಿಯಲ್ಲಿ ಟಿಕೆಟ್ಟಿನ ಸಂಗತಿಯನ್ನು ಚೆನ್ನಾಗಿ ಮುಚ್ಚಿಟ್ಟಿದ್ದೆ ಅಂತ ನನ್ನ ಭ್ರಮೆ. ಕ್ಯಾಂಟೀನಿನ ಗಂಗಣ್ಣ ಬ್ಯಾಗು ಬಿಚ್ಚುತ್ತಾನೆ. ಒಂದು ಬೀಗದ ಕೈ, ಬಾಚಣಿಗೆ, 76 ರೂಪಾಯಿಯ ಬಸ್ ಟಿಕೆಟ್, ಒಂದು ಎಲೆ ತಲೆನೋವಿನ ಮಾತ್ರೆ. ಪಟ್ಟಿಯ ಮಧ್ಯದಲ್ಲಿ ತುರುಕಿದ್ದೆ. ಆರನೆಯ ಕಂತಿನಲ್ಲಿ ಯಾರೋ ಒಬ್ಬರು "ಅಲ್ಲಾ, ಹೆಂಗಸರಿಗೆ ಟಿಕೆಟ್ ಫ್ರೀ ಅಲ್ವಾ?" ಅನ್ನಬೇಕು, ಓದುವವರೆಲ್ಲ ಹಣೆ ಚಚ್ಚಿಕೊಳ್ಳಬೇಕು. ಅದು ನನ್ನ ಲೆಕ್ಕ.

ನಾಲ್ಕು ಜನಕ್ಕೆ ಓದಲು ಕೊಟ್ಟೆ. ಇಬ್ಬರು ಗೆಳೆಯರು, ಒಬ್ಬ ಭಾವ, ನನ್ನ ತಂಗಿ. ಮೂವರು ಗಂಡಸರೂ "ಚೆನ್ನಾಗಿದೆ, ಬೀಗದ ಕೈ ಯಾವುದರದ್ದು?" ಅಂತ ಕೇಳಿದರು. ತಂಗಿ ದಿನಾ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವವಳು. ಓದುತ್ತಾ ಓದುತ್ತಾ ಬೆರಳು ಒಂದು ಕಡೆ ನಿಲ್ಲಿಸಿದಳು.

"ಇವಳು ಕರ್ನಾಟಕದವಳಲ್ವಾ?"

"ಯಾಕೆ?"

"76 ರೂಪಾಯಿ ಕೊಟ್ಟಿದ್ದಾಳಲ್ಲ. ಇಲ್ಲಾ ಹೊರಗಿನವಳು, ಇಲ್ಲಾ ಹೆಂಗಸೇ ಅಲ್ಲ."

ಆರನೆಯ ಕಂತಿಗೆ ಇಟ್ಟುಕೊಂಡಿದ್ದ ಬಾಂಬು ಮೊದಲನೆಯ ಕಂತಿನ ಎರಡನೆಯ ಪುಟದಲ್ಲೇ ಸಿಡಿಯಿತು. ಅವಳು ಜಾಣೆ ಅಂತಲ್ಲ. (ಜಾಣೆ ಹೌದು, ಆದರೆ ಕಾರಣ ಅದಲ್ಲ.) ದಿನಾ ಬೆಳಿಗ್ಗೆ ಆಧಾರ್ ತೋರಿಸಿ ಜೀರೋ ಟಿಕೆಟ್ ಇಸಿದುಕೊಳ್ಳುವವರಿಗೆ 76 ಅನ್ನುವ ಅಂಕಿ ಪಟ್ಟಿಯ ಎಷ್ಟು ಒಳಗಿದ್ದರೂ ಕಣ್ಣಿಗೆ ಹೊಡೆಯುತ್ತದೆ. ಓದುವವರಲ್ಲಿ ಅರ್ಧದಷ್ಟು ಜನಕ್ಕೆ ಮೊದಲೇ ಗೊತ್ತಿರುವುದನ್ನು ಗುಟ್ಟು ಅಂತ ಐದು ಕಂತು ಎಳೆದರೆ ಏನಾಗುತ್ತದೆ? ಅವರು ಕಾಯುವುದಿಲ್ಲ, ಬೈಯುತ್ತಾರೆ.

ಎರಡು ದಿನ ಮುಖ ಊದಿಸಿಕೊಂಡು ಕೂತಿದ್ದೆ. ಆಮೇಲೆ ತಲೆಕೆಳಗು ಮಾಡಿದರೆ ಹೇಗೆ ಅನ್ನಿಸಿತು. ಮುಚ್ಚಿಡಲಾಗದ್ದನ್ನು ಬಾಗಿಲಿಗೇ ತೂಗುಹಾಕಬೇಕು. 76 ರೂಪಾಯಿಯ ಪ್ರಶ್ನೆಯನ್ನು ಮೊದಲ ಕಂತಿನಲ್ಲೇ, ಕತೆಯೊಳಗಿನವರ ಬಾಯಲ್ಲೇ ಕೇಳಿಸಬೇಕು. ಕಂತು ಮುಗಿಯುವುದೂ ಅದರ ಮೇಲೆಯೇ. ಎಲ್ಲರ ಕಣ್ಣೂ ಆ ಅಂಕಿಯ ಮೇಲಿರುವಾಗ, ಅದೇ ಟಿಕೆಟ್ಟಿನ ಮೇಲೆ ಇನ್ನೊಂದು ಚಿಕ್ಕ ಗುರುತು ಇರಬೇಕು. ನಿಜವಾಗಿ ಬಚ್ಚಿಡಬೇಕಾದದ್ದು ಅದನ್ನು.

ಮೂರನೇ ಪ್ರತಿ: ನಿವೃತ್ತ ಕಂಡಕ್ಟರ ಎದುರು

ನಮ್ಮ ಬೀದಿಯಲ್ಲಿ ಒಬ್ಬರು ನಿವೃತ್ತ ಕಂಡಕ್ಟರ್ ಇದ್ದಾರೆ. ಅವರನ್ನು ಮಾವ ಅಂತಲೇ ಕರೆಯುವುದು. ಪ್ರತಿ ಹಿಡಿದುಕೊಂಡು ಹೋದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಕಾಫಿ ಮುಗಿಸಿ, ಮೂರು ತೂತು ತೋರಿಸಿದರು.

ಮೊದಲನೆಯದು: "ಹೆಂಗಸರು ದುಡ್ಡು ಕೊಡೋದೇ ಇಲ್ಲ ಅಂತ ಯಾರು ಹೇಳಿದ್ರು ನಿಂಗೆ? ಗುರುತಿನ ಚೀಟಿ ಮನೇಲಿ ಬಿಟ್ಟು ಬಂದಿರ್ತಾರೆ. ಬೇರೆ ರಾಜ್ಯದ ವಿಳಾಸ ಇರುತ್ತೆ. ಟಿಕೆಟ್ ತಗೊಳ್ಲೇಬೇಕಲ್ಲ."

ಎರಡನೆಯದು ಇನ್ನೂ ಕೆಟ್ಟದ್ದು. "ಗಂಡ ಹೆಂಡ್ತಿ ಬಂದ್ರೆ ಗಂಡನ ಟಿಕೆಟ್ಟೂ ಹೆಂಡ್ತಿ ಪರ್ಸಲ್ಲೇ ಇರೋದು. ನಿಮ್ಮತ್ತೆ ಪರ್ಸು ತೆಗೆದು ನೋಡು, ನನ್ನ ಹತ್ತು ವರ್ಷದ ಟಿಕೆಟ್ ಸಿಗುತ್ತೆ."

ಒಳಗಿನಿಂದ ಅತ್ತೆ ಏನೋ ಹೇಳಿದರು. ಅದನ್ನು ಬರೆಯುವುದಿಲ್ಲ.

ಮೂರನೆಯದು: ನನ್ನ ಟಿಕೆಟ್ಟಿನಲ್ಲಿ ಹತ್ತಿದ ಜಾಗ ತರೀಕೆರೆ ಅಂತಿತ್ತು. ಮಾವ ನಕ್ಕರು. "ತರೀಕೆರೇಲಿ ಸಂಜೆ ಹೊತ್ತು ಒಂದೇ ಸಲಕ್ಕೆ ಎಷ್ಟು ಜನ ನುಗ್ತಾರೆ ಗೊತ್ತಾ? ಅವರಲ್ಲಿ ಯಾರ್‍ಯಾರು ಅಂತ ಕಂಡಕ್ಟರು ನೆನಪಿಟ್ಕೊಂಡಿದ್ದ ಅಂದ್ರೆ ಅವನು ಕಂಡಕ್ಟರೇ ಅಲ್ಲ, ದೇವರು."

ಮೂರನೆಯದು ಸುಲಭ. ಹತ್ತಿದ ಜಾಗವನ್ನು ರಸ್ತೆ ಬದಿಯ ಒಂದು ಸಣ್ಣ ಸ್ಟೇಜಿಗೆ ಬದಲಾಯಿಸಿದೆ. ನಮ್ಮ ಕಡೆ ಒಳಗಿನ ಹಳ್ಳಿಗೆ ದಾರಿ ಒಡೆಯುವ ಕಡೆ 'ಗೇಟ್' ಅಂತ ಸೇರಿಸಿ ಹೇಳುವುದು ರೂಢಿ. ಹಾಗಾಗಿ ಹುಣಸೇಕಟ್ಟೆ ಗೇಟ್ ಅಂತ ಒಂದು ಹುಟ್ಟಿಸಿದೆ. ರಾತ್ರಿ ಎಂಟರ ಹತ್ತಿರ ಅಂಥ ಕಡೆ ಒಬ್ಬರೋ ಇಬ್ಬರೋ ಕೈ ಅಡ್ಡ ಹಾಕುತ್ತಾರೆ. ನೆನಪಿರಬಹುದು.

ಆದರೆ ನೆನಪಿರಲು ಅಷ್ಟೇ ಸಾಲದು. ದಿನಕ್ಕೆ ನೂರಾರು ಟಿಕೆಟ್ ಕೊಡುವವನಿಗೆ ಒಂದು ಮುಖ ಅಂಟಿಕೊಳ್ಳಬೇಕಾದರೆ ಏನೋ ಜಗಳವೋ ಬಾಕಿಯೋ ಇರಬೇಕು. ಇದನ್ನು ಬಿಡಿಸಿದ್ದು ಮಾವನೇ. ಹೊರಡುವಾಗ ಬಾಗಿಲ ಹತ್ತಿರ ಸುಮ್ನೆ ಅಂದರು: "76 ಅಂತೀಯಲ್ಲ, ಚಿಲ್ರೆ ಹೆಂಗೆ ಕೊಟ್ಟ?"

ಅದು ನಮ್ಮೆಲ್ಲರಿಗೂ ಗೊತ್ತಿರುವ ಹಳೇ ಪದ್ಧತಿ. ನೂರರ ನೋಟು ಕೊಟ್ಟರೆ, ಕಂಡಕ್ಟರ ಹತ್ತಿರ ಚಿಲ್ಲರೆ ಇಲ್ಲದಿದ್ದರೆ, ಟಿಕೆಟ್ಟಿನ ಹಿಂದೆ ಬಾಲ್‌ಪೆನ್ನಿನಲ್ಲಿ 24 ಅಂತ ಗೀಚಿ ಕೊಡುತ್ತಾರೆ. "ಇಳಿಯುವಾಗ ಇಸ್ಕೊಳಿ." ಇಸಿದುಕೊಂಡ ಮೇಲೆ ಅದನ್ನು ಹೊಡೆದು ಹಾಕುತ್ತಾರೆ. ನನ್ನ ಟಿಕೆಟ್ಟಿನ ಹಿಂದೆ 24 ಇದೆ. ಹೊಡೆದು ಹಾಕಿಲ್ಲ. 24 ರೂಪಾಯಿ ಬಿಟ್ಟು ಇಳಿದು ಹೋದವರನ್ನು ಕಂಡಕ್ಟರ್ ಮರೆಯುವುದಿಲ್ಲ. "ಚಿಲ್ಲರೆ ಚಿಲ್ಲರೆ ಅಂತ ತಲೆ ತಿನ್ನೋರನ್ನ ಮರೀಬಹುದು, ಬಿಟ್ಟು ಹೋದೋರನ್ನ ಮರೆಯೋಕಾಗಲ್ಲ" ಅಂತ ಮಾವ.

ಜೊತೆಗೆ ಇನ್ನೊಂದು ಲಾಭ. ಈಗ ಬಸ್ಸಿನಲ್ಲಿ ಫೋನಿನಿಂದಲೂ ದುಡ್ಡು ಕೊಡಬಹುದು. ಈ ವ್ಯಕ್ತಿ ಫೋನ್ ತೆಗೆಯದೆ ನೋಟು ಕೊಟ್ಟಿದ್ದಾನೆ, ಚಿಲ್ಲರೆ ಬಿಟ್ಟಿದ್ದಾನೆ. ಹೆಸರು ಎಲ್ಲೂ ಉಳಿಯಬಾರದು ಅನ್ನುವವರು ಮಾಡುವ ಕೆಲಸ. ಇದನ್ನು ಕಂತಿನಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಮೊದಲಿನ ಎರಡು ತೂತಿಗೆ ತೇಪೆ ಹಾಕಲು ಹೋಗಲಿಲ್ಲ. ಅವನ್ನು ಹಾಗೇ ಎತ್ತಿ ಕತೆಯೊಳಗಿನ ರುದ್ರಪ್ಪನವರ ಬಾಯಿಗೆ ಹಾಕಿದೆ. ರುದ್ರಪ್ಪ ಅಂದರೆ ರಾತ್ರಿ ಪಾಳಿಯ ಕಂಟ್ರೋಲರ್, ಬಸ್ಸು ಬಂದ ಹೊತ್ತು ಹೋದ ಹೊತ್ತು ರಿಜಿಸ್ಟರಿನಲ್ಲಿ ಬರೆಯುವವರು. "ಆಧಾರ್ ಮರೆತು ಬಂದಿರ್ತಾಳೆ ಬಿಡೋ" ಅಂತ ಒಮ್ಮೆ, "ಗಂಡಂದಿರಬೇಕು" ಅಂತ ಇನ್ನೊಮ್ಮೆ ಅವರೇ ಹೇಳುತ್ತಾರೆ. ಓದುವವರು ತೆಗೆಯುವ ತಕರಾರನ್ನು ಕತೆಯೊಳಗಿನ ಮನುಷ್ಯನೇ ಮೊದಲು ತೆಗೆದರೆ ಅದು ತೂತಾಗಿ ಕಾಣುವುದಿಲ್ಲ, ಆ ಮನುಷ್ಯನ ಸ್ವಭಾವವಾಗಿ ಕಾಣುತ್ತದೆ. ರುದ್ರಪ್ಪನವರಿಗೆ ಇದು ಬೇಗ ಮುಗಿದರೆ ಸಾಕು ಅನ್ನಿಸುತ್ತಿದೆ ಅಂತಲೂ ಗೊತ್ತಾಗುತ್ತದೆ. ಯಾಕೆ ಹಾಗೆ ಅನ್ನಿಸುತ್ತಿದೆ ಅನ್ನುವುದು ಮುಂದಿನ ಮಾತು.

ನಾನೇ ಹೇಳಿದ ಸುಳ್ಳು

ಮೂರನೇ ಪ್ರತಿಯನ್ನು ಗಟ್ಟಿಯಾಗಿ ಓದಿಕೊಳ್ಳುವಾಗ ಮೊದಲ ಸಾಲಿನಲ್ಲೇ ನಾಲಿಗೆ ತಡೆಯಿತು. ಸಾಲು ಹೀಗಿತ್ತು:

"ಕೊನೆಯ ಬಸ್ಸಿನಿಂದ ಶಾಲು ಹೊದ್ದ ಒಬ್ಬ ಹೆಂಗಸು ಇಳಿದಳು."

ಇದನ್ನು ಹೇಳುತ್ತಿರುವುದು ಯಾರು? ಗಂಗಣ್ಣನಲ್ಲ, ರುದ್ರಪ್ಪನವರಲ್ಲ. ನಾನು. ಕತೆ ಹೇಳುವವನು. ಆದರೆ ಅವಳು ಆ ಬಸ್ಸಿನಿಂದ ಇಳಿದೇ ಇಲ್ಲ ಅಂತ ಮುಂದೆ ಗೊತ್ತಾಗಬೇಕು. ಆಗ ಓದುವವರು ತಿರುಗಿ ಈ ಸಾಲಿಗೆ ಬಂದು "ನೀನೇ ಹೇಳಿದ್ದೆಯಲ್ಲಯ್ಯಾ" ಅಂದರೆ ನನ್ನ ಹತ್ತಿರ ಉತ್ತರವಿಲ್ಲ. ಪಾತ್ರಗಳು ತಪ್ಪು ತಿಳಿಯಬಹುದು, ಸುಳ್ಳು ಹೇಳಬಹುದು. ಹೇಳುವವನು ಮುಚ್ಚಿಡಬಹುದು, ಸುಳ್ಳು ಹೇಳುವಂತಿಲ್ಲ. ಪತ್ತೇದಾರಿ ಕತೆಯಲ್ಲಿ ಇರುವ ಒಂದೇ ಒಂದು ಮರ್ಯಾದೆ ಅದು.

ತಿದ್ದಿದ್ದು ಹೀಗೆ:

"ಬಸ್ಸು ನಿಂತಿತು. ಕಂಡಕ್ಟರ್ ಹಿಂದಿನ ಬಾಗಿಲಿನಿಂದ ಇಳಿದು, ಬಸ್ಸಿನ ಮೈಮೇಲೆ ಪಟಪಟ ತಟ್ಟುತ್ತಾ 'ಬರ್ಲಿ, ಬರ್ಲಿ, ಬರ್ಲಿ' ಅಂತ ಹಿಂದಕ್ಕೆ ತೆಗೆಸಿ ಗೋಡೆಗೆ ಸೇರಿಸಿದ. ಇಳಿದವರು ಹತ್ತು ಹನ್ನೆರಡು ಜನ. ಗಂಗಣ್ಣ ಒಲೆಯ ಮೇಲಿನ ಹಾಲು ಇಳಿಸಿ ತಲೆ ಎತ್ತುವಷ್ಟರಲ್ಲಿ ಒಬ್ಬ ಹೆಂಗಸು ಬಸ್ಸಿನ ಕಡೆಯಿಂದ ಬರುತ್ತಿದ್ದಳು."

'ಬಸ್ಸಿನಿಂದ' ಅಲ್ಲ, 'ಬಸ್ಸಿನ ಕಡೆಯಿಂದ'. ಗಂಗಣ್ಣ ಆ ಕ್ಷಣ ಹಾಲು ನೋಡುತ್ತಿದ್ದ. ಆಮೇಲೆ ಕೇಳಿದಾಗ ಅವನು ಧೈರ್ಯವಾಗಿ "ಬಸ್ಸಿಂದ ಇಳಿದ್ಲು ಸಾರ್, ನಾನೇ ನೋಡ್ದೆ" ಅನ್ನುತ್ತಾನೆ. ಅವನು ಸುಳ್ಳುಗಾರನಲ್ಲ. ಕೊನೆ ಬಸ್ ಬಂದ ಹೊತ್ತಿಗೆ ಆ ಕಡೆಯಿಂದ ಬಂದವರನ್ನು ಬಸ್ಸಿನಿಂದ ಇಳಿದವರು ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಹಾಲು ಉಕ್ಕುವ ಹೊತ್ತು ಹಾಕಿದ್ದೂ ಇದಕ್ಕೇ. ಒಲೆ ಮೇಲೆ ಹಾಲಿಟ್ಟವನ ಕಣ್ಣು ಬೇರೆ ಕಡೆ ಹೋಗುವುದಿಲ್ಲ. ಅದನ್ನು ವಿವರಿಸಬೇಕಾಗಿಯೇ ಇಲ್ಲ.

ಅಡುಗೆಮನೆಯಲ್ಲಿ ಒಂದು ಭಾನುವಾರ

ಇನ್ನು ಟಿಕೆಟ್ಟಿನ ಮೇಲಿನ ಆ ಎರಡನೆಯ ಗುರುತು. ಅದಕ್ಕೆ ಮೊದಲು ಟಿಕೆಟ್ಟನ್ನೇ ಅರ್ಥ ಮಾಡಿಕೊಳ್ಳಬೇಕಿತ್ತು.

ಮೆಷಿನ್ ಟಿಕೆಟ್ಟಿಗೆ ಶಾಯಿಯೇ ಇಲ್ಲ. ಕಾಗದದ ಒಂದು ಮೈಗೆ ಬಣ್ಣ ಬರುವ ಮದ್ದು ಸವರಿರುತ್ತದೆ. ಮೆಷಿನ್ನಿನ ಸಣ್ಣ ತಲೆ ಬಿಸಿಯಾಗಿ ಎಲ್ಲಿ ಮುಟ್ಟುತ್ತದೋ ಅಲ್ಲಿ ಕಪ್ಪಾಗುತ್ತದೆ. ಅಕ್ಷರ ಅಂದರೆ ಅಷ್ಟೇ, ಬಿಸಿ ತಾಗಿದ ಗುರುತು. ಎಟಿಎಂ ಚೀಟಿ, ಅಂಗಡಿ ಬಿಲ್ಲು ಎಲ್ಲ ಇದೇ ಜಾತಿ. ಹಾಗಾದರೆ ಮೆಷಿನ್ ಬಿಟ್ಟು ಬೇರೆ ಬಿಸಿ ಮುಟ್ಟಿದರೂ ಕಪ್ಪಾಗಬೇಕು, ಅಲ್ವಾ?

ಮನೆಯಲ್ಲಿ ಎರಡು ತಿಂಗಳಿಂದ ಕೂಡಿಟ್ಟಿದ್ದ ಟಿಕೆಟ್ಟು ಹದಿನಾರು ಇದ್ದವು. ಎಲ್ಲವನ್ನೂ ಕಟ್ಟೆಯ ಮೇಲೆ ಹರಡಿದೆ. ಒಂದರ ಮೇಲೆ ಕುದಿಯುವ ಚಹಾ ತುಂಬಿದ ದಪ್ಪ ತಳದ ಗಾಜಿನ ಲೋಟ ಇಟ್ಟೆ. ಎರಡು ನಿಮಿಷ ಬಿಟ್ಟು ತೆಗೆದರೆ ಏನೂ ಇಲ್ಲ. ಕಣ್ಣು ಕಿರಿದು ಮಾಡಿ ನೋಡಿದರೆ ಎಲ್ಲೋ ಒಂಚೂರು ಬೂದಿ ಬಣ್ಣ. ಪೇಪರ್ ಕಪ್ ಇಟ್ಟು ನೋಡಿದರೆ ಅದೂ ಇಲ್ಲ. ಆಮೇಲೆ ಅದೇ ಚಹಾವನ್ನು ಮತ್ತೆ ಕುದಿಸಿ ಮನೆಯ ಸ್ಟೀಲ್ ಲೋಟಕ್ಕೆ ಹಾಕಿ ಇಟ್ಟೆ. ಅರ್ಧ ನಿಮಿಷವೂ ಬೇಕಾಗಲಿಲ್ಲ. ಲೋಟದ ತಳದ ಅಂಚು ಮುಟ್ಟಿದ ಕಡೆ ಅರ್ಧಚಂದ್ರದ ಹಾಗೆ ಕಪ್ಪು. ಗಾಜು ಬಿಸಿಯನ್ನು ನಿಧಾನ ಬಿಡುತ್ತದೆ, ತಳವೂ ದಪ್ಪ. ತೆಳು ಸ್ಟೀಲು ಒಳಗಿನ ಬಿಸಿಯನ್ನು ಹಾಗೇ ಕೆಳಗಿಳಿಸುತ್ತದೆ. ಚಹಾ ಸ್ವಲ್ಪ ಆರಿದ ಮೇಲೆ ಅದೇ ಸ್ಟೀಲ್ ಲೋಟ ಇಟ್ಟು ನೋಡಿದೆ, ಗುರುತೇ ಬರಲಿಲ್ಲ. ಅಂದರೆ ಬಿಸಿಬಿಸಿ ಇರುವಾಗಲೇ ಇಟ್ಟಿರಬೇಕು.

ಉಳಿದ ಟಿಕೆಟ್ಟುಗಳ ಮೇಲೂ ಕೈಯಾಡಿಸಿದೆ. ಕೈಗೆ ಹಚ್ಚುವ ಸ್ಯಾನಿಟೈಜರ್ ಒಂದು ತೊಟ್ಟು ಬಿದ್ದರೆ ಅಲ್ಲಿ ಕಪ್ಪು ಹರಡುತ್ತದೆ, ಅಂಚು ಮಾತ್ರ ಹರಿದಂತಿರುತ್ತದೆ, ಲೋಟದ ಹಾಗೆ ದುಂಡಗಿರುವುದಿಲ್ಲ. ಕೊಬ್ಬರಿ ಎಣ್ಣೆ ತದ್ವಿರುದ್ಧ. ಕಪ್ಪಾಗುವುದಿಲ್ಲ, ಇದ್ದ ಅಕ್ಷರವೇ ಮಸುಕಾಗುತ್ತಾ ಹೋಗುತ್ತದೆ. ಹಿಂದುಗಡೆ ಬಾಲ್‌ಪೆನ್ನಿನಲ್ಲಿ ಬರೆದದ್ದಕ್ಕೆ ಬಿಸಿಯಿಂದ ಏನೂ ಆಗಲಿಲ್ಲ. ಇದು ನನಗೆ ಬೇಕಾಗಿತ್ತು, 24 ಉಳಿಯಬೇಕಲ್ಲ. ಮಧ್ಯಾಹ್ನದ ಹೊತ್ತಿಗೆ ಹದಿನಾರರಲ್ಲಿ ಹನ್ನೊಂದು ಹಾಳಾಗಿದ್ದವು, ಕಟ್ಟೆಯ ಮೇಲೆ ಚಹಾ ಚೆಲ್ಲಿತ್ತು, ಮನೆಯಲ್ಲಿ ನನ್ನ ಜೊತೆ ಮಾತಾಡುವುದನ್ನು ನಿಲ್ಲಿಸಿದ್ದರು.

ನಾಲ್ಕನೇ ಪ್ರತಿ: ಹತ್ತಿರ ಹತ್ತಿರ ಇಟ್ಟರೆ ಕೆಟ್ಟಿತು

ಕಂತಿನ ಕೊನೆಯ ದೃಶ್ಯ ರುದ್ರಪ್ಪನವರ ಕೋಣೆಯಲ್ಲಿ. ಗಂಗಣ್ಣ ಬ್ಯಾಗು ತಂದು ಮೇಜಿನ ಮೇಲೆ ಇಡುತ್ತಾನೆ. ನಾಲ್ಕನೇ ಪ್ರತಿಯಲ್ಲಿ ಹೀಗೆ ಬರೆದಿದ್ದೆ:

"ರುದ್ರಪ್ಪ ಸ್ಟೀಲ್ ಲೋಟ ಪಕ್ಕಕ್ಕೆ ಸರಿಸಿ ಟಿಕೆಟ್ಟನ್ನು ಬೆಳಕಿಗೆ ಹಿಡಿದರು. ಒಂದು ಮೂಲೆಯಲ್ಲಿ ಅರ್ಧಚಂದ್ರದ ಹಾಗೆ ಕಪ್ಪು ಗುರುತಿತ್ತು."

ತಂಗಿಗೆ ಮತ್ತೆ ಕೊಟ್ಟೆ. ಈ ಸಲ ಅವಳು ಏನೂ ಹೇಳದೆ, ಅಡುಗೆಮನೆಗೆ ಹೋಗಿ ಒಂದು ಸ್ಟೀಲ್ ಲೋಟ ತಂದು ನನ್ನ ಮುಂದೆ ಕುಕ್ಕಿದಳು.

ತಪ್ಪು ಗೊತ್ತಾಯಿತು. ಲೋಟ ಒಂದು ಸಾಲಿನಲ್ಲಿ, ಅದರ ಗುರುತು ಮುಂದಿನ ಸಾಲಿನಲ್ಲಿ. ಸುಳಿವು ಮತ್ತು ಅದರ ಬೀಗದ ಕೈ ಒಂದೇ ಗೂಟಕ್ಕೆ ನೇತುಹಾಕಿದ ಹಾಗೆ. ಎರಡನ್ನೂ ಕಂತಿನಲ್ಲಿ ಇಡಲೇಬೇಕು, ಇಲ್ಲದಿದ್ದರೆ ಮುಂದೆ ಮೋಸವಾಗುತ್ತದೆ. ಆದರೆ ದೂರ ದೂರ ಇಡಬೇಕು, ನಡುವೆ ಜೋರಾದದ್ದೊಂದು ಇರಬೇಕು.

ಲೋಟವನ್ನು ಎತ್ತಿ ಕಂತಿನ ಆರಂಭಕ್ಕೆ ಒಯ್ದೆ. ಅಲ್ಲಿ ಅದಕ್ಕೆ ಒಂದು ಸಹಜ ಕೆಲಸ ಕೊಟ್ಟೆ. ರುದ್ರಪ್ಪನವರಿಗೆ ಕ್ಯಾಂಟೀನಿನ ಗಾಜಿನ ಲೋಟ ಆಗದು, ಎಲ್ಲರೂ ಕುಡಿದದ್ದು ಅಂತ. ಮನೆಯಿಂದ ಸ್ವಂತದ್ದು ತಂದಿರುತ್ತಾರೆ. ಎಂಟೂವರೆಗೆ ಕಿಟಕಿಯಿಂದ ಲೋಟ ಚಾಚಿ "ಗಂಗಣ್ಣಾ, ಸಕ್ಕರೆ ಕಮ್ಮಿ" ಅನ್ನುತ್ತಾರೆ. ಓದುವವರು ಅದನ್ನು ಮಡಿವಂತಿಕೆ ಅಂತ ತಿಳಿದು ನಕ್ಕು ಮುಂದೆ ಹೋಗುತ್ತಾರೆ. ತಮಾಷೆಯ ಒಳಗೆ ಇಟ್ಟದ್ದನ್ನು ಯಾರೂ ಎರಡನೇ ಸಲ ನೋಡುವುದಿಲ್ಲ.

ಟಿಕೆಟ್ಟಿನ ಮೇಲಿನ ಗುರುತನ್ನು ಮಾತ್ರ ಕೊನೆಯ ದೃಶ್ಯದಲ್ಲೇ ಬಿಟ್ಟೆ, ಅದರ ಬೆನ್ನಿಗೇ 24 ಬರುವ ಹಾಗೆ. ಈಗ ಇರುವ ರೂಪ ಇದು:

"ರುದ್ರಪ್ಪ ಟಿಕೆಟ್ಟನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದರು. ದಿನಾಂಕ ಇವತ್ತಿನದೇ. ಹೊತ್ತು 19:48. ಹುಣಸೇಕಟ್ಟೆ ಗೇಟಿನಿಂದ ಇಲ್ಲಿಗೆ. ಒಬ್ಬರು. 76 ರೂಪಾಯಿ. ಒಂದು ಮೂಲೆ ಮಡಿಚಿತ್ತು, ಇನ್ನೊಂದು ಮೂಲೆ ಕಪ್ಪಗಾಗಿತ್ತು. ಹಿಂದೆ ತಿರುಗಿಸಿದರು.

'24 ಬಾಕಿ' ಅಂತ ಗಂಗಣ್ಣ ಓದಿದ. 'ಹೊಡೆದೇ ಹಾಕಿಲ್ಲ ನೋಡಿ ಸಾರ್.'

'ಇವಳೇನೋ ದುಡ್ಡು ಕೊಟ್ಟಿದ್ದಾಳಲ್ಲೋ.'

'ಹೂಂ ಸಾರ್.'

'ಆಧಾರ್ ಮರೆತು ಬಂದಿರ್ತಾಳೆ ಬಿಡು.' ಸ್ವಲ್ಪ ಹೊತ್ತು ಬಿಟ್ಟು, 'ಇಲ್ಲಾ ಗಂಡಂದಿರಬೇಕು.'

'ಗಂಡ ಇದ್ದಿದ್ರೆ ಬ್ಯಾಗು ನನ್ನ ಹತ್ರ ಯಾಕೆ ಬಿಡ್ತಿದ್ಲು ಸಾರ್?'

ರುದ್ರಪ್ಪ ಉತ್ತರ ಕೊಡಲಿಲ್ಲ. ಗಂಗಣ್ಣನೇ ಹೋಗಿ ಕಂಡಕ್ಟರನ್ನು ಎಬ್ಬಿಸಿದ. ಮಂಜುನಾಥ ಬನಿಯನ್ನಿನಲ್ಲೇ, ದುಡ್ಡಿನ ಚೀಲ ಕಂಕುಳಲ್ಲಿ ಇಟ್ಟುಕೊಂಡೇ ಬಂದ. ಟಿಕೆಟ್ಟಿನ ಹಿಂಬದಿ ನೋಡಿದ.

'ನಂದೇ ಅಕ್ಷರ. ಇಳಿಯುವಾಗ ಕರೆದೆ, ತಿರುಗಿಯೂ ನೋಡಲಿಲ್ಲ.'

'ಯಾರು, ಆ ಹೆಂಗಸಾ?'

ಮಂಜುನಾಥ ಕಣ್ಣುಜ್ಜಿಕೊಂಡ. 'ಹೆಂಗಸು ಎಲ್ಲಿಂದ ಬಂದ್ಲು ಸಾರ್? ಹುಣಸೇಕಟ್ಟೆ ಗೇಟಲ್ಲಿ ಹತ್ತಿದ್ದು ಒಬ್ಬನೇ. ಗಂಡಸು.'"

ಮೊದಲ ಕಂತು ಇಲ್ಲಿಗೆ ನಿಲ್ಲುತ್ತದೆ. ಎರಡನೇ ಪ್ರತಿಯಲ್ಲಿ 2600 ಪದ ಇದ್ದದ್ದು ಈಗ 1400ಕ್ಕೆ ಇಳಿದಿದೆ. ಹೋದದ್ದರಲ್ಲಿ ಹೆಚ್ಚಿನದು ಬಸ್ ಸ್ಟ್ಯಾಂಡಿನ ವರ್ಣನೆ. ಸೌತೆಕಾಯಿ ಮಾರುವವನು, ಮಲಗಿದ ನಾಯಿ, ಮೈಕಿನ ಗೊರಗೊರ, ಎಲ್ಲ ಹೋಯಿತು. ಸೌತೆಕಾಯಿಯವನನ್ನು ತೆಗೆಯುವಾಗ ಹೊಟ್ಟೆ ಉರಿಯಿತು, ಆದರೆ ರಾತ್ರಿ ಒಂಬತ್ತರ ಮೇಲೆ ಅವನು ಅಲ್ಲಿ ಇರುವುದೂ ಇಲ್ಲ.

'ಅರ್ಧಚಂದ್ರ' ಅನ್ನುವ ಮಾತು ಹೋಗಿ 'ಕಪ್ಪಗಾಗಿತ್ತು' ಅಂತ ಮಾತ್ರ ಉಳಿದಿರುವುದನ್ನು ನೀವು ಗಮನಿಸಿರಬಹುದು. ಇದು ಸರಿಯೋ ಅಲ್ಲವೋ ಅಂತ ಇನ್ನೂ ಗುದ್ದಾಡುತ್ತಿದ್ದೇನೆ. ಆಕಾರ ಹೇಳದಿದ್ದರೆ ಓದುವವರಿಗೆ ಅನ್ಯಾಯ, ಹೇಳಿದರೆ ತಂಗಿ ಲೋಟ ಕುಕ್ಕುತ್ತಾಳೆ. ಸದ್ಯಕ್ಕೆ ಆಕಾರವನ್ನು ಎರಡನೇ ಕಂತಿಗೆ ತಳ್ಳಿದ್ದೇನೆ. ಅಲ್ಲಿ ಪೊಲೀಸ್ ಪೇದೆಯೊಬ್ಬ ಟಿಕೆಟ್ ನೋಡಿ "ಇದೇನು ಚಂದ್ರ ಬಿಡಿಸಿದಂಗೆ" ಅನ್ನುತ್ತಾನೆ. ಆ ಹೊತ್ತಿಗೆ ಗಂಗಣ್ಣನ ಗಾಜಿನ ಲೋಟಗಳು ತೊಳೆದು ಬೋರಲು ಹಾಕಿ ಸಾಲಾಗಿ ಕಾಣುತ್ತಿರುತ್ತವೆ.

ಈಗ ಎದುರಿಗಿರುವ ತೊಡಕು ಬೇರೆ. ಮಂಜುನಾಥನ ಬಸ್ಸು 5:40ಕ್ಕೆ ಹೊರಡಲೇಬೇಕು. ಪೊಲೀಸರು ಬರುವುದು ಅದರ ನಂತರ. ನನ್ನ ಒಬ್ಬನೇ ಸಾಕ್ಷಿ ಟಿಕೆಟ್ ಮೆಷಿನ್ ಸಮೇತ ಶಿವಮೊಗ್ಗದ ದಾರಿ ಹಿಡಿದಿರುತ್ತಾನೆ. ಬಸ್ಸನ್ನು ತಡೆಯಲು ಆಗುತ್ತದಾ ಅಂತ ಮಾವನನ್ನು ಕೇಳಿದೆ. "ಕಂಟ್ರೋಲರು ಬಿಡಲ್ಲ ಅಂದ್ರೆ ಬಸ್ಸು ಹೋಗಲ್ಲ" ಅಂದರು. ಬಿಡುತ್ತೇನೆ ಅಥವಾ ಬಿಡುವುದಿಲ್ಲ ಅನ್ನಬೇಕಾದವರು ರುದ್ರಪ್ಪನವರು. ಅವರ ಲೋಟ ಇನ್ನೂ ಮೇಜಿನ ಮೇಲೇ ಇದೆ.